ಹುಣಸೂರಿನ ಕಾಪಿಯಲ್ಲಿ ಕೈಯಿಡಬಾರದ ಜಾಗಗಳು

ಮೈಸೂರಿನ ಪತ್ರಿಕಾ ಕಚೇರಿಯ ಜಿಲ್ಲಾ ಡೆಸ್ಕಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲು ಕೊಡುವುದು ಹುಣಸೂರು ಉಪವಿಭಾಗದ ಸುದ್ದಿಗಳನ್ನು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ಕಡೆಯಿಂದ ಬರುವ ಕಾಪಿಯಲ್ಲಿ ಹೊಗೆಸೊಪ್ಪಿನ ಹರಾಜು ಇರುತ್ತದೆ, ಕಬಿನಿಯ ನೀರಿನ ಮಟ್ಟ ಇರುತ್ತದೆ, ಕಾಡಂಚಿನ ಹುಲಿ ಇರುತ್ತದೆ, ಗಿರಿಜನ ಹಾಡಿಯ ಕುಡಿಯುವ ನೀರಿನ ಗೋಳಿರುತ್ತದೆ. ಡೆಸ್ಕಿನ ಕೆಲಸದಲ್ಲಿ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಇಲ್ಲೇ ಸಿಗುತ್ತವೆ.

ತಿದ್ದುವುದನ್ನು ಕಲಿಸುವುದು ಕಷ್ಟವಲ್ಲ. ಉದ್ದದ ವಾಕ್ಯ ಒಡೆಯುವುದು, ಮೂರನೇ ಪ್ಯಾರಾದಲ್ಲಿ ಹೂತುಹೋದ ಸುದ್ದಿಯನ್ನು ಮೇಲಕ್ಕೆ ತರುವುದು, ‘ಕಾರ್ಯಕ್ರಮವನ್ನು ಹಮ್ಮಿಕೊಳ್ಳಲಾಗಿತ್ತು’ ಎಂಬಂಥದ್ದನ್ನು ಬಳಕೆಯ ಕನ್ನಡಕ್ಕೆ ತರುವುದು ಕೆಲವೇ ವಾರಗಳಲ್ಲಿ ಬರುತ್ತದೆ. ಎಲ್ಲಿ ಕೈಯಿಡಬಾರದು ಎಂಬುದು ಬರಲು ಹೊತ್ತು ಹಿಡಿಯುತ್ತದೆ, ಏಕೆಂದರೆ ಮುಟ್ಟಬಾರದ್ದು ಬಹಳ ಸಲ ತಪ್ಪಿನಂತೆಯೇ ಕಾಣುತ್ತದೆ.

ಸಂಜೆ ಆರರ ನಂತರ ಕಾಪಿಗಳ ಸಾಲು ಬೆಳೆಯತೊಡಗುತ್ತದೆ. ತಾಲ್ಲೂಕು ವರದಿಗಾರರಲ್ಲಿ ಕೆಲವರು ಮೇಲ್ ಮಾಡುತ್ತಾರೆ, ಕೆಲವರು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ಹೊಸಬರು ಸಾಮಾನ್ಯವಾಗಿ ಮೇಲಿನದನ್ನು ತೆರೆದು ತಿದ್ದಲು ಶುರುಮಾಡುತ್ತಾರೆ. ನಾನು ಹೇಳುವುದು, ಮೊದಲು ಒಂದನ್ನೂ ತಿದ್ದಬೇಡಿ, ಇಡೀ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿ. ಪ್ರತಿ ಕಾಪಿಯ ಊರು, ಬಂದ ಸಮಯ, ಮೊದಲ ವಾಕ್ಯ ಇಷ್ಟನ್ನೇ ನೋಡಿ. ಒಂದೇ ಘಟನೆಯ ಎರಡು ಕಾಪಿಗಳು ಇವೆಯೇ ಎಂಬುದು ಆಗ ತಿಳಿಯುತ್ತದೆ. ಮಧ್ಯಾಹ್ನ ಮೂರಕ್ಕೆ ‘ಇಬ್ಬರಿಗೆ ಗಾಯ’ ಎಂದು ಬಂದ ಅಪಘಾತದ ಸುದ್ದಿ ಏಳೂವರೆಗೆ ‘ಒಬ್ಬರ ಸಾವು’ ಎಂದು ಮತ್ತೆ ಬಂದಿರಬಹುದು. ಮೂರು ಗಂಟೆಯದನ್ನು ಚೆಂದಗೆ ತಿದ್ದಿ ಪುಟಕ್ಕೆ ಕೂರಿಸಿದವರು ಏಳೂವರೆಯದನ್ನು ತೆರೆಯದೇ ಬಿಟ್ಟರೆ, ಸತ್ತವರ ಮನೆಯವರು ಬೆಳಿಗ್ಗೆ ಓದುವುದು ಹಳೆಯ ಸುದ್ದಿಯನ್ನು. ಸಮಯವನ್ನು ಓದುವುದೆಂದರೆ ಇದು. ಸಾವು, ನೀರು, ಪೊಲೀಸು, ಕೋರ್ಟು ಇರುವ ಕಾಪಿಗಳನ್ನು ಮೊದಲು ತೆರೆಯಬೇಕು. ವರದಿಗಾರರಿಗೆ ಫೋನ್ ಮಾಡಬೇಕಾಗಿ ಬರುವುದು ಅವುಗಳಲ್ಲಿಯೇ. ಸನ್ಮಾನ, ಜಯಂತಿ, ಸಂಘದ ಚುನಾವಣೆ ಕಾಯಬಹುದು.

ತೆರೆದ ತಕ್ಷಣ ಎದುರಾಗುವುದು ಅಕ್ಷರದ ತೊಂದರೆ. ಕನ್ನಡ ಪತ್ರಿಕೆಗಳಲ್ಲಿ ಹಲವರು ಇಂದಿಗೂ ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡುತ್ತಾರೆ. ಆ ಕಡತದೊಳಗೆ ನಿಜವಾಗಿ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಅವಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಫಾಂಟ್ ಇಲ್ಲದ ಕಡೆ ತೆರೆದರೆ ‘ಕನ್ನಡ’ ಎಂಬ ಪದ `PÀ£ÀßqÀ` ಎಂದು ಕಾಣುತ್ತದೆ. ಪರಿವರ್ತಕಕ್ಕೆ ಹಾಕಿದರೆ ಯೂನಿಕೋಡ್ ಕನ್ನಡ ಬರುತ್ತದೆ. ಆದರೆ ಪರಿವರ್ತಕಕ್ಕೆ ಯಾವುದು ಕನ್ನಡ, ಯಾವುದು ನಿಜವಾಗಿಯೇ ಇಂಗ್ಲಿಷ್ ಎಂದು ಗೊತ್ತಾಗುವುದಿಲ್ಲ. ಹುಣಸೂರು ಆರ್‌ಟಿಒ ನೋಂದಣಿಯ ವಾಹನ ಸಂಖ್ಯೆ `KA 45` ಎಂದು ಶುರುವಾಗುತ್ತದಲ್ಲ, ನುಡಿಯ ಲೆಕ್ಕದಲ್ಲಿ K ಎಂದರೆ ಏ, A ಎಂದರೆ ಸೊನ್ನೆ. ಹೀಗಾಗಿ ಅಪಘಾತದ ಕಾಪಿಯ ನಡುವೆ ‘ಏಂ 45’ ಎಂಬ ಅರ್ಥವಿಲ್ಲದ ತುಣುಕು ಉದುರುತ್ತದೆ. ಹೊಸಬರಿಗೆ ಅದು ಕಸದಂತೆ ಕಾಣುತ್ತದೆ, ಅಳಿಸಿಬಿಡುತ್ತಾರೆ. ಅಳಿಸಿದ್ದು ಕಾರಿನ ನಂಬರ್. ಅರ್ಥವಾಗದ್ದು ಕಂಡರೆ ವರದಿಗಾರರು ಕಳಿಸಿದ ಮೂಲ ಕಡತವನ್ನು ನುಡಿ ಫಾಂಟ್‌ನಲ್ಲೇ ತೆರೆದು ನೋಡಬೇಕು. ಅರ್ಕಾವತ್ತು, ಒತ್ತಕ್ಷರ ಎರಡೂ ಕೂಡುವ ಹೆಸರುಗಳು ಸಹ ಪರಿವರ್ತನೆಯಲ್ಲಿ ಸ್ಥಾನ ತಪ್ಪುವುದುಂಟು. ಊಹಿಸಿ ಸರಿಮಾಡಿದರೆ ಮನುಷ್ಯನ ಹೆಸರೇ ಬದಲಾಗುತ್ತದೆ.

ಮುಂದಿನದು ಊರಿನ ಹೆಸರು. ದೇವರಾಜ ಅರಸು ಅವರ ಊರು ಕಲ್ಲಹಳ್ಳಿ ಎಂದು ಈ ಭಾಗದವರಿಗೆಲ್ಲ ಗೊತ್ತು, ಅದು ಹುಣಸೂರು ತಾಲ್ಲೂಕಿನದು. ನಾಗರಹೊಳೆಯಲ್ಲಿ ಕಲ್ಲಹಳ್ಳ ಎಂಬ ಅರಣ್ಯ ವಲಯವಿದೆ. ‘ಕಲ್ಲಹಳ್ಳ ವಲಯದಲ್ಲಿ ಆನೆ ಸಾವು’ ಎಂದು ಬಂದ ಕಾಪಿಯಲ್ಲಿ ಒಂದು ಗುಡಿಸು ಬಿಟ್ಟುಹೋಗಿದೆ ಎಂದುಕೊಂಡು ಅದನ್ನು ಸೇರಿಸಿದರೆ, ಕಾಡಿನೊಳಗೆ ಸತ್ತ ಆನೆ ಊರಿಗೆ ಬಂದು ಬೀಳುತ್ತದೆ. ಅಂತರಸಂತೆ ಇನ್ನೊಂದು ಬಗೆಯದು. ಅದು ಎಚ್.ಡಿ. ಕೋಟೆಯ ಹೋಬಳಿಯೂ ಹೌದು, ನಾಗರಹೊಳೆಯ ಅರಣ್ಯ ವಲಯವೂ ಹೌದು. ‘ಅಂತರಸಂತೆ ವಲಯ’ ಎಂದಿದ್ದರೆ ಆ ‘ವಲಯ’ ಹೆಚ್ಚಾಯಿತು ಎಂದು ಕತ್ತರಿಸುವಂತಿಲ್ಲ. ಒಂದರ ಗಡಿ ಕಂದಾಯ ಇಲಾಖೆಯದು, ಇನ್ನೊಂದರದು ಅರಣ್ಯ ಇಲಾಖೆಯದು.

ಕೆ.ಆರ್. ನಗರದ್ದು ಒಂದನ್ನು ಇನ್ನೊಂದೆಂದುಕೊಳ್ಳುವ ಸಮಸ್ಯೆ. ಕೆ.ಆರ್. ಪೇಟೆ ಮಂಡ್ಯ ಜಿಲ್ಲೆಯ ತಾಲ್ಲೂಕು, ಕೆ.ಆರ್. ಕ್ಷೇತ್ರ ಮೈಸೂರು ನಗರದೊಳಗಿನ ವಿಧಾನಸಭಾ ಕ್ಷೇತ್ರ, ಕೆಆರ್‌ಎಸ್ ಅಣೆಕಟ್ಟೆ. ನಾಲ್ಕಕ್ಕೂ ಮೂಲ ಕೃಷ್ಣರಾಜ ಎಂಬ ಹೆಸರೇ. ತಲೆಬರಹದಲ್ಲಿ ಜಾಗ ಸಾಲದೆಂದು ‘ಕೆ.ಆರ್.’ ಅಷ್ಟನ್ನೇ ಉಳಿಸಬಾರದು. ಸಾಲಿಗ್ರಾಮ ಈಗ ಪ್ರತ್ಯೇಕ ತಾಲ್ಲೂಕು, ಹಾಗೆಯೇ ಸರಗೂರು. ಆದರೆ ಸರಗೂರು ಇವತ್ತಿಗೂ ಎಚ್.ಡಿ. ಕೋಟೆ ವಿಧಾನಸಭಾ ಕ್ಷೇತ್ರದ ಭಾಗ. ‘ಎಚ್.ಡಿ. ಕೋಟೆ ಕ್ಷೇತ್ರದ ಸರಗೂರಿನಲ್ಲಿ’ ಎಂದು ವರದಿಗಾರರು ಬರೆದಿದ್ದರೆ ಅದು ಹಳೆಯ ಅಭ್ಯಾಸದ ತಪ್ಪಲ್ಲ. ‘ಕ್ಷೇತ್ರ’ವನ್ನು ‘ತಾಲ್ಲೂಕು’ ಎಂದು ತಿದ್ದಿದವರೇ ತಪ್ಪು ಮಾಡಿದ ಹಾಗೆ. ಸಾಲಿಗ್ರಾಮ ಎಂಬ ಹೆಸರಿನದು ಉಡುಪಿ ಜಿಲ್ಲೆಯಲ್ಲೂ ಇರುವುದರಿಂದ ಜಿಲ್ಲೆಯ ಹೆಸರನ್ನು ಉಳಿಸಿಕೊಳ್ಳಬೇಕು. ಹೊಸಹಳ್ಳಿ, ಹೊಸೂರು ಮುಂತಾದವು ಎಷ್ಟೋ ಇವೆ. ಹೋಬಳಿಯ ಹೆಸರೊಂದೇ ಅವುಗಳನ್ನು ಬೇರೆಮಾಡುವುದು. ಪುಟದಲ್ಲಿ ಎರಡು ಸಾಲು ಹೆಚ್ಚಾದಾಗ ಹೊಸಬರ ಕತ್ತರಿ ಮೊದಲು ಬೀಳುವುದು ಅದೇ ಹೋಬಳಿಯ ಮೇಲೆ.

ಇದೇ ಕತ್ತರಿಯಿಂದ ಇನ್ನೂ ದೊಡ್ಡ ಹಾನಿಯಾಗುವುದು ಸಮುದಾಯದ ಹೆಸರಿನಲ್ಲಿ. ಜೇನುಕುರುಬರು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳೆಂದು ಗುರುತಿಸಿರುವ ಎರಡರಲ್ಲಿ ಒಂದು ಅವರದು, ಇನ್ನೊಂದು ಕೊರಗರದು. ಕುರುಬರು ಬೇರೆಯೇ ಸಮುದಾಯ. ತಲೆಬರಹದಲ್ಲಿ ಎರಡಕ್ಷರ ಉಳಿಸಲು ‘ಜೇನು’ ತೆಗೆದರೆ ಸುದ್ದಿಯಲ್ಲಿರುವ ಜನವೇ ಬದಲಾಗುತ್ತಾರೆ. ಬೆಟ್ಟಕುರುಬ, ಯರವ, ಸೋಲಿಗ ಎಂದು ಬಂದದ್ದನ್ನೆಲ್ಲ ‘ಗಿರಿಜನರು’ ಎಂದು ಒಂದಾಗಿಸುವುದೂ ಹಾಗೆಯೇ. ಯಾರಿಗೆ ಯಾವ ಸೌಲಭ್ಯ ಬಂತು, ಯಾರಿಗೆ ಬರಲಿಲ್ಲ ಎಂಬುದು ಸುದ್ದಿಯಾಗಿದ್ದಾಗ ಆ ಒಂದು ಪದದೊಳಗೆ ಸುದ್ದಿಯೇ ಮುಳುಗುತ್ತದೆ. ಹಾಡಿಯನ್ನು ‘ಹಳ್ಳಿ’ ಅಥವಾ ‘ಕಾಲೊನಿ’ ಎಂದು ಬದಲಿಸಲೂಬಾರದು. ಹುಣಸೂರು, ಕೋಟೆ ಕಡೆಯ ಓದುಗರಿಗೆ ಹಾಡಿ ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಂಕಿಗಳ ವಿಷಯಕ್ಕೆ ಬಂದರೆ ಹೊಸಬರನ್ನು ನಾನು ಕಬಿನಿ ಕಾಪಿಯ ಮುಂದೆ ಕೂರಿಸುತ್ತೇನೆ. ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಈ ಜಲಾಶಯದ ಗರಿಷ್ಠ ಮಟ್ಟ 2,284 ಅಡಿ. ಅದೇ ಪುಟದಲ್ಲಿ ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ ಎಂದಿರುತ್ತದೆ. ಒಂದು ಸಾವಿರದ ಲೆಕ್ಕದಲ್ಲಿ, ಇನ್ನೊಂದು ನೂರರ ಲೆಕ್ಕದಲ್ಲಿ ಇರುವುದನ್ನು ಕಂಡವರಿಗೆ ಎಲ್ಲೋ ಒಂದು ಅಂಕಿ ಹೆಚ್ಚಾಗಿದೆ ಅನ್ನಿಸುವುದು ಸಹಜ. ಕಬಿನಿಯ ಮಟ್ಟವನ್ನು ಹೇಳುವುದು ಸಮುದ್ರಮಟ್ಟದಿಂದ, ಕೆಆರ್‌ಎಸ್‌ನದನ್ನು ಅಣೆಕಟ್ಟೆಯ ತನ್ನದೇ ಅಳತೆಯಿಂದ. ಎರಡೂ ಸರಿ, ಎರಡನ್ನೂ ಒಂದು ಅಳತೆಗೆ ತರಲು ಹೋಗಬಾರದು.

ಈಗ ಮಳೆಗಾಲದ ಒಂದು ಕಾಪಿ ಹೀಗೆ ಬಂದಿದೆ ಎಂದುಕೊಳ್ಳೋಣ. ಇಂದಿನ ಮಟ್ಟ 2,281.60 ಅಡಿ, ನಿನ್ನೆ ಇದೇ ಹೊತ್ತಿಗೆ 2,280.10. ಒಳಹರಿವು 18,000 ಕ್ಯುಸೆಕ್, ಹೊರಹರಿವು 22,000 ಕ್ಯುಸೆಕ್. ಚುರುಕಾದ ಹೊಸಬರ ಕಣ್ಣು ಇಲ್ಲಿ ನಿಲ್ಲುತ್ತದೆ. ಬರುವುದಕ್ಕಿಂತ ಹೋಗುವ ನೀರು ಹೆಚ್ಚಿದ್ದರೆ ಮಟ್ಟ ಒಂದೂವರೆ ಅಡಿ ಏರಿದ್ದು ಹೇಗೆ? ಅಂದರೆ ವರದಿಗಾರರು ಎರಡು ಅಂಕಿಗಳನ್ನು ಅದಲುಬದಲು ಮಾಡಿರಬೇಕು. ಇಷ್ಟು ಯೋಚಿಸಿದ್ದಕ್ಕೆ ಮೆಚ್ಚಬೇಕು. ಆದರೆ ಹಾಗೆಂದುಕೊಂಡು ಅಂಕಿ ಬದಲಿಸುವುದು ಈ ಡೆಸ್ಕಿನಲ್ಲಿ ಮಾಡಬಹುದಾದ ಅತಿ ಅಪಾಯದ ಕೆಲಸಗಳಲ್ಲೊಂದು.

ಮಟ್ಟದ ಏರಿಕೆ ಒಂದಿಡೀ ದಿನದ ಲೆಕ್ಕ. ಒಳಹರಿವು, ಹೊರಹರಿವು ಅಳತೆ ಮಾಡಿದ ಆ ಹೊತ್ತಿನವು. ಫೋನ್ ಮಾಡಿದರೆ ವಿಷಯ ಒಂದೇ ನಿಮಿಷದಲ್ಲಿ ಬಿಡಿಸಿಕೊಳ್ಳುತ್ತದೆ.

“ಸರ್, ಒಳಹರಿವು, ಹೊರಹರಿವು ಹಿಂದೆಮುಂದೆ ಆಗಿದೆಯಾ? ಮಟ್ಟ ಏರಿದೆ ಅಂತಿದೆ, ಹೊರಹರಿವು ಜಾಸ್ತಿ ಇದೆ.”

“ಇಲ್ಲಮ್ಮಾ, ಸರಿಯಾಗಿದೆ. ವೈನಾಡಲ್ಲಿ ರಾತ್ರಿಯೆಲ್ಲ ಮಳೆ, ಬೆಳಗಿನತನಕ ತುಂಬಿಸ್ಕೊಂಡ್ರು. ಆಮೇಲೆ ಗೇಟ್ ಎತ್ತಿದ್ದಾರೆ. ಅದನ್ನ ಒಂದು ಸಾಲು ಸೇರಿಸ್ಕೊಳ್ಳಿ, ನಾನೇ ಬರೀಬೇಕಿತ್ತು.”

ಆ ಒಂದು ಸಾಲು ಸೇರಿದರೆ ಓದುಗರ ಅನುಮಾನವೂ ಹೋಗುತ್ತದೆ, ಅಂಕಿಯೂ ಉಳಿಯುತ್ತದೆ. ಕೇಳದೆ ಬದಲಿಸಿದ್ದರೆ ಹೊರಹರಿವು 18,000 ಎಂದು ಅಚ್ಚಾಗುತ್ತಿತ್ತು. ನಂಜನಗೂಡಿನಲ್ಲಿ ಸ್ನಾನಘಟ್ಟದ ಬಳಿ ಅಂಗಡಿ ಇಟ್ಟವರು, ಹದಿನಾರು ಕಾಲು ಮಂಟಪ ಮುಳುಗುತ್ತದೆಯೇ ಎಂದು ನೋಡುವವರು, ಹೊಳೆ ಪಕ್ಕದ ಗದ್ದೆಯಿಂದ ಪಂಪ್‌ಸೆಟ್ ಎತ್ತಿಡಬೇಕೇ ಎಂದು ಯೋಚಿಸುವ ರೈತರು ನೋಡುವುದು ಹೊರಹರಿವಿನ ಅಂಕಿಯನ್ನು. ಅಲ್ಲಿ 4,000 ಕ್ಯುಸೆಕ್ ಕಡಿಮೆಯಾಗಿ ಕಂಡರೆ ಅವರ ತೀರ್ಮಾನ ಬೇರೆಯಾಗುತ್ತದೆ.

ಅಂಕಿಯನ್ನು ಬದಲಿಸಬಾರದು ಎಂದರೆ ಅನುಮಾನಿಸಬಾರದು ಎಂದಲ್ಲ. ಅನುಮಾನ ಬರಬೇಕಾದರೆ ಲೆಕ್ಕ ಗೊತ್ತಿರಬೇಕು. ಕ್ಯುಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ಹರಿವು, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಹೆಚ್ಚುಕಡಿಮೆ 11,574 ಕ್ಯುಸೆಕ್ ಒಂದು ದಿನವಿಡೀ ಹರಿದರೆ ಒಂದು ಟಿಎಂಸಿ ಆಗುತ್ತದೆ. 22,000 ಕ್ಯುಸೆಕ್ ದಿನಕ್ಕೆ ಸುಮಾರು 1.9 ಟಿಎಂಸಿ. ಇಡೀ ಕಬಿನಿ ಹಿಡಿಯುವುದೇ 19.52 ಟಿಎಂಸಿ. ‘22,000 ಟಿಎಂಸಿ ನೀರು ಬಿಡುಗಡೆ’ ಎಂದು ಬಂದರೆ ಅದು ಅಸಾಧ್ಯ ಎಂದು ಯಾರನ್ನೂ ಕೇಳದೆ ಗೊತ್ತಾಗಬೇಕು. ಆಗಲೂ ‘ಟಿಎಂಸಿ’ಯನ್ನು ‘ಕ್ಯುಸೆಕ್’ ಮಾಡುವ ಮೊದಲು ಒಂದು ಫೋನ್. ತಪ್ಪಿರುವುದು ಅಳತೆಯ ಹೆಸರಿನಲ್ಲೋ ಅಂಕಿಯಲ್ಲೋ ಎಂಬುದು ಡೆಸ್ಕಿಗೆ ಗೊತ್ತಿಲ್ಲ.

ಹೊಗೆಸೊಪ್ಪಿನ ಹರಾಜಿನದೂ ಇಂಥದೇ ಎಚ್ಚರ. ಕಟ್ಟೆಮಳಲವಾಡಿಯಿಂದಲೋ ಕಂಪಲಾಪುರದಿಂದಲೋ ಬರುವ ಕಾಪಿಯಲ್ಲಿ ಗರಿಷ್ಠ ದರ, ಸರಾಸರಿ ದರ ಎರಡೂ ಇರುತ್ತವೆ. ಗರಿಷ್ಠ ಸಿಗುವುದು ಒಳ್ಳೆಯ ದರ್ಜೆಯ ಕೆಲವೇ ಬೇಲುಗಳಿಗೆ. ತಲೆಬರಹ ಬರೆಯುವಾಗ ‘ಗರಿಷ್ಠ’ ಎಂಬ ಪದ ಬಿದ್ದುಹೋದರೆ, ಬ್ಯಾರನ್‌ನಲ್ಲಿ ಬೇಯಿಸಿದ ಸೊಪ್ಪನ್ನು ತುಂಬಿಕೊಂಡು ಬರುವ ರೈತ ಅದೇ ದರ ತನಗೂ ಸಿಗುತ್ತದೆಂದು ಬರುತ್ತಾನೆ.

ಇನ್ನು ಮಾತು ಯಾರದು ಎಂಬ ವಿಷಯ. ಪೊಲೀಸ್ ಸುದ್ದಿಗಳಲ್ಲಿ ‘ಎನ್ನಲಾಗಿದೆ’ ಎಂಬ ಪದ ಎಷ್ಟು ಸಲ ಬರುತ್ತದೆಂದರೆ ಹೊಸಬರಿಗೆ ಅದನ್ನು ಕಂಡರೇ ಆಗುವುದಿಲ್ಲ. ನನಗೂ ಇಷ್ಟವಿಲ್ಲದ ಪದ ಅದು, ಹೇಳಿದವರು ಯಾರೆಂದು ಮುಚ್ಚಿಡುತ್ತದೆ. ಆದರೆ ಅದನ್ನು ಅಳಿಸಿದಾಗ ಏನಾಗುತ್ತದೆ ನೋಡಿ. ‘ಜಮೀನು ವಿವಾದದ ಹಿನ್ನೆಲೆಯಲ್ಲಿ ಅಣ್ಣನೇ ಹಲ್ಲೆ ನಡೆಸಿದ್ದಾನೆ ಎನ್ನಲಾಗಿದೆ’ ಎಂಬುದು ‘ಅಣ್ಣನೇ ಹಲ್ಲೆ ನಡೆಸಿದ್ದಾನೆ’ ಎಂದಾಗುತ್ತದೆ. ಯಾರೋ ಹೊರಿಸಿದ ಆರೋಪವನ್ನು ಈಗ ಪತ್ರಿಕೆ ತನ್ನ ಬಾಯಲ್ಲಿ ಹೇಳುತ್ತಿದೆ. ಅದರ ಬದಲು ವರದಿಗಾರರನ್ನು ಕೇಳಿ, ಇದು ಎಲ್ಲಿಂದ ಬಂತು? ದೂರಿನಲ್ಲಿದ್ದರೆ ‘ದೂರಿನಲ್ಲಿ ಹೇಳಿದ್ದಾರೆ’ ಎಂದು ಬರೆಯಿರಿ, ಪೊಲೀಸರು ಹೇಳಿದ್ದರೆ ಹಾಗೆ. ಊರವರು ಆಡಿಕೊಳ್ಳುತ್ತಿದ್ದಾರೆ ಅಷ್ಟೇ ಎಂದರೆ ಆ ಸಾಲೇ ಬೇಡ. ‘ವಶಕ್ಕೆ ಪಡೆದಿದ್ದಾರೆ’ ಎಂಬುದನ್ನು ‘ಬಂಧಿಸಿದ್ದಾರೆ’ ಎಂದೂ, ‘ಆರೋಪಿ’ಯನ್ನು ‘ಅಪರಾಧಿ’ ಎಂದೂ ಬದಲಿಸುವುದು ಭಾಷೆ ತಿದ್ದಿದಂತಲ್ಲ. ವಿಚಾರಣೆಗೆಂದು ಠಾಣೆಗೆ ಕರೆದೊಯ್ದು ಸಂಜೆ ಕಳಿಸಿದ ಮನುಷ್ಯನನ್ನು ನೀವು ಬಂಧಿಸಿದ ಹಾಗಾಯಿತು. ಅಪರಾಧಿ ಎನ್ನಲು ನ್ಯಾಯಾಲಯದ ತೀರ್ಪು ಬೇಕು.

ಕಾಡಂಚಿನ ಸುದ್ದಿಗೂ ಇದು ಅನ್ವಯ. ಹೊಲದಲ್ಲಿ ಒಬ್ಬರ ಶವ ಸಿಕ್ಕಿ, ವರದಿಗಾರರು ‘ಕಾಡುಪ್ರಾಣಿ ದಾಳಿ ಶಂಕೆ’ ಎಂದು ಕಳಿಸಿದ್ದರೆ ಆ ಶಂಕೆ ಹಾಗೇ ಇರಬೇಕು. ‘ಹುಲಿ ದಾಳಿಗೆ ರೈತ ಬಲಿ’ ಎಂಬ ತಲೆಬರಹ ಗಟ್ಟಿಯಾಗಿ ಕೇಳಿಸುತ್ತದೆ, ನಿಜ. ಯಾವ ಪ್ರಾಣಿ ಎಂಬುದನ್ನು ಅರಣ್ಯ ಇಲಾಖೆ ಹೇಳುವುದು ಹೆಜ್ಜೆಗುರುತು, ಕ್ಯಾಮೆರಾ ಟ್ರ್ಯಾಪ್ ಚಿತ್ರ, ಮರಣೋತ್ತರ ಪರೀಕ್ಷೆ ನೋಡಿಕೊಂಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹುಲಿಯನ್ನು ಸೆರೆಹಿಡಿಯಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ನಮೂದಿಸಿ ಲಿಖಿತ ಆದೇಶ ಕೊಡಬೇಕು. ಅಷ್ಟು ಪರಿಶೀಲನೆಯ ನಂತರ ಬರುವ ತೀರ್ಮಾನವನ್ನು ರಾತ್ರಿ ಒಂಬತ್ತಕ್ಕೆ ಡೆಸ್ಕಿನಲ್ಲಿ ಕೂತು ಕೊಟ್ಟರೆ, ಬೆಳಿಗ್ಗೆ ಆ ಊರಿನವರು ಪತ್ರಿಕೆ ಹಿಡಿದು ಅರಣ್ಯ ಕಚೇರಿಯ ಮುಂದೆ ಕೂರುತ್ತಾರೆ. ಅವರ ಸಿಟ್ಟಿಗೆ ಕಾರಣ ಇದ್ದೇ ಇದೆ, ಅದಕ್ಕೆ ನಮ್ಮ ಊಹೆ ಸೇರಬಾರದು.

ಉದ್ಧರಣ ಚಿಹ್ನೆಯ ಒಳಗಿರುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲಿನ ಮಾತು ಆಡಿದವರದು. ‘ನೀರ್ ಬುಡ್ನಿಲ್ಲ ಅಂದ್ರೆ ನಾವ್ ಎಲ್ಲಿಗ್ ಹೋಗದು’ ಎಂದದ್ದನ್ನು ‘ನೀರು ಹರಿಸದಿದ್ದಲ್ಲಿ ನಮಗೆ ದಿಕ್ಕಿಲ್ಲ’ ಎಂದು ಗ್ರಂಥಸ್ಥ ಮಾಡಬಾರದು. ಉದ್ದವಾಯಿತೆಂದರೆ ಚಿಹ್ನೆ ತೆಗೆದು, ಅವರು ಹೇಳಿದ್ದರ ಸಾರವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಚಿಹ್ನೆ ಉಳಿಸಿಕೊಂಡು ಒಳಗಿನದನ್ನು ಬದಲಿಸುವುದು ಮಾತ್ರ ಬೇಡ.

ಕೊನೆಗೆ ಹೇಳುವುದು ಕಾಪಿಯಲ್ಲಿ ಇಲ್ಲದಿರುವುದರ ಬಗ್ಗೆ. ಹೊಸಬರಿಗೆ ಯಾರು, ಎಲ್ಲಿ, ಯಾವಾಗ ಎಂದು ಕಲಿಸಿರುತ್ತೇವೆ. ಹಾಗಾಗಿ ‘ತಾಲ್ಲೂಕಿನ ಗ್ರಾಮವೊಂದರಲ್ಲಿ ಬಾಲಕಿಯ ಮೇಲೆ ಲೈಂಗಿಕ ದೌರ್ಜನ್ಯ’ ಎಂಬ ಕಾಪಿ ಅವರಿಗೆ ಅರೆಬರೆ ಅನ್ನಿಸುತ್ತದೆ. ಊರು ಯಾವುದು, ಶಾಲೆ ಯಾವುದು, ತಂದೆಯ ಹೆಸರೇನು ಎಂದು ಹುಡುಕಿ ತುಂಬಲು ಹೋಗುತ್ತಾರೆ. ಆ ಜಾಗವನ್ನು ವರದಿಗಾರರು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರು, ವಿಳಾಸ, ಚಿತ್ರ ಮಾತ್ರವಲ್ಲ, ಕುಟುಂಬದ ವಿವರ, ಶಾಲೆ, ನೆರೆಹೊರೆ ಹೀಗೆ ಗುರುತು ಬಿಟ್ಟುಕೊಡುವ ಏನನ್ನೂ ಪ್ರಕಟಿಸದಂತೆ ತಡೆಯುತ್ತದೆ. ಮೀರಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ವಯಸ್ಕ ಸಂತ್ರಸ್ತೆಯರ ಗುರುತಿಗೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್‌ನ ರಕ್ಷಣೆ ಇದೆ. ಗುರುತು ಪರೋಕ್ಷವಾಗಿಯೂ ತಿಳಿಯಬಾರದು ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ನಗರದಲ್ಲಿ ಬಡಾವಣೆಯ ಹೆಸರು ಹಾಕಿದರೂ ಸಾವಿರಾರು ಮನೆಗಳ ನಡುವೆ ಒಂದು ಮನೆ ತಿಳಿಯದೇ ಹೋಗಬಹುದು. ಕಾಡಂಚಿನ ಹಾಡಿಯಲ್ಲಿ ಇರುವುದೇ ಹತ್ತಾರು ಮನೆ. ಹಾಡಿಯ ಹೆಸರು ಬರೆದು, ಹುಡುಗಿ ಎಂಟನೇ ತರಗತಿ ಎಂದರೆ ಹೆಸರು ಬರೆಯಬೇಕಾದ ಅಗತ್ಯವೇ ಉಳಿಯುವುದಿಲ್ಲ. ಆರೋಪಿ ಸಂಬಂಧಿಕನಾಗಿದ್ದರೆ ಅವನ ಹೆಸರೂ ಅದೇ ಕೆಲಸ ಮಾಡುತ್ತದೆ. ಇನ್ನೊಂದು ತೂತು ಎರಡು ದಿನದ ಸುದ್ದಿಗಳಲ್ಲಿರುತ್ತದೆ. ನಿನ್ನೆ ಊರಿನ ಹೆಸರಿಲ್ಲದೆ ಪ್ರಕರಣ ಬಂತು, ಇವತ್ತು ‘ಇಂಥ ಗ್ರಾಮದಲ್ಲಿ ಪ್ರತಿಭಟನೆ, ಆರೋಪಿಗಳ ಬಂಧನಕ್ಕೆ ಆಗ್ರಹ’ ಎಂದು ಬಂತು. ಎರಡನ್ನೂ ಓದಿದವರಿಗೆ ಮನೆ ಸಿಕ್ಕಿತು. ಇಂಥ ಕಾಪಿ ಸಾಲಿನಲ್ಲಿ ಕಂಡಾಗ ಹೊಸಬರು ಅದನ್ನು ತಾವೇ ಮುಗಿಸದೆ ಮುಖ್ಯ ಉಪಸಂಪಾದಕರ ಕೈಗೆ ಕೊಡಬೇಕು, ನಿನ್ನೆಯ ಪುಟವನ್ನೂ ಜೊತೆಗಿಟ್ಟು.

ಇಷ್ಟಕ್ಕೆಲ್ಲ ಮದ್ದು ಫೋನ್ ಎಂದು ಹೇಳುತ್ತಲೇ ಬಂದೆ. ಫೋನ್ ಸಿಗದಿದ್ದರೆ? ಅಂತರಸಂತೆ ದಾಟಿ ಕಾಡಿನ ಕಡೆ ಹೋದ ವರದಿಗಾರರಿಗೆ ಸಿಗ್ನಲ್ ಸಿಗುವುದು ಕಷ್ಟ, ಪುಟ ಬಿಡುವ ಹೊತ್ತು ಕಾಯುವುದಿಲ್ಲ. ಆಗ ಅನುಮಾನವಿರುವ ಅಂಶವನ್ನು ಊಹಿಸಿ ಸರಿಪಡಿಸದೆ ಅದಷ್ಟನ್ನೇ ಬಿಟ್ಟು ಉಳಿದದ್ದನ್ನು ಹಾಕಬೇಕು. ಸತ್ತವರ ವಯಸ್ಸು ಒಂದು ಕಡೆ 45, ಇನ್ನೊಂದು ಕಡೆ 54 ಎಂದಿದ್ದರೆ ವಯಸ್ಸಿಲ್ಲದೆಯೂ ಸುದ್ದಿ ನಿಲ್ಲುತ್ತದೆ. ಹೆಸರೇ ಎರಡು ಥರ ಇದ್ದರೆ ಠಾಣೆಗೆ ಫೋನ್ ಮಾಡಬೇಕು. ಅನುಮಾನ ಇರುವುದು ಸುದ್ದಿಯ ತಿರುಳಿನಲ್ಲೇ ಆದರೆ ಕಾಪಿಯನ್ನು ನಾಳೆಗೆ ಹಿಡಿಯಬೇಕು, ಜಾಗಕ್ಕೆ ಇನ್ನೊಂದು ಸುದ್ದಿ ಸಾಲಿನಲ್ಲಿ ಇದ್ದೇ ಇರುತ್ತದೆ. ಬಿಟ್ಟಿದ್ದು ಏನು, ಹಿಡಿದಿದ್ದು ಯಾಕೆ, ಯಾರಿಗೆ ಎಷ್ಟು ಗಂಟೆಗೆ ಫೋನ್ ಮಾಡಿದ್ದು ಎಂದು ಕಾಪಿಯ ತಲೆಯ ಮೇಲೆ ಒಂದು ಸಾಲು ಬರೆದಿಡಬೇಕು. ರಾತ್ರಿ ಪಾಳಿಯವರು ಎರಡನೇ ಆವೃತ್ತಿಗೆ ಕೂರುವಾಗ ಅದನ್ನು ನೋಡಿ ಮತ್ತೊಮ್ಮೆ ಪ್ರಯತ್ನಿಸುತ್ತಾರೆ.